ದ್ವಿತೀಯಾರ್ಧದ ಮೈನಸ್

ನನಗೆ ಫುಟ್‌ಬಾಲ್ ಆಡಲು ಬರುವುದಿಲ್ಲ. ಚೆಂಡನ್ನು ಒದ್ದರೆ ಕಾಲು ನೋಯುತ್ತದೆ, ಅಷ್ಟೇ ಆ ಆಟದ ಬಗ್ಗೆ ನನ್ನ ಮೈಗೆ ಗೊತ್ತಿರುವುದು. ಆದರೂ ಚೆನ್ನೈಯ ಒಂದು ಕ್ಲಬ್ಬಿನಲ್ಲಿ ಯಾವ ಆಟಗಾರ ಪ್ರಯೋಜನಕ್ಕೆ ಬರುತ್ತಾನೆ, ಯಾವನು ಬರುವುದಿಲ್ಲ ಎಂದು ಹೇಳುವುದೇ ನಾಲ್ಕು ವರ್ಷ ನನ್ನ ಕೆಲಸವಾಗಿತ್ತು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವಳು ನಾನು. ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲಿ, ಕೆಳಗೆ ಮೋಟಾರು ರಿಪೇರಿ ಅಂಗಡಿಯಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಆಫೀಸು. ಅಲ್ಲಿ ಏಸಿ ಕೆಳಗೆ ಕೂತು, ಬಿಸಿಲಲ್ಲಿ ಓಡುವವರ ಹಣೆಬರಹ ಬರೆಯುತ್ತಿದ್ದೆ. ಆಗ ನನಗಿದ್ದ ಕೊಬ್ಬು ನೆನೆಸಿಕೊಂಡರೆ ಈಗ ನನಗೇ ಅಸಹ್ಯವಾಗುತ್ತದೆ.

ನಮ್ಮ ಲೆಕ್ಕ ಕಷ್ಟದ್ದೇನಲ್ಲ. ಮೈದಾನವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಭಾಗ ಮಾಡುತ್ತೇವೆ. ಚೆಂಡು ಈ ಚೌಕದಲ್ಲಿ ನಮ್ಮವರ ಕಾಲಲ್ಲಿದ್ದರೆ, ಮುಂದಿನ ಕೆಲವು ಒದೆತಗಳಲ್ಲಿ ಗೋಲಾಗುವುದು ನೂರಕ್ಕೆ ಎಷ್ಟು ಸಲ ಎಂದು ಹಳೆಯ ಪಂದ್ಯಗಳನ್ನು ನೋಡಿ ಪ್ರತಿ ಚೌಕಕ್ಕೂ ಒಂದು ಬೆಲೆ ಕೊಡುತ್ತೇವೆ. ನಮ್ಮ ಗೋಲಿನ ಹತ್ತಿರದ ಚೌಕಕ್ಕೆ ಬೆಲೆ ಇಲ್ಲವೆಂದೇ ಹೇಳಬೇಕು. ನಡುವಿನ ಚೌಕದ ಬೆಲೆ ಒಂದು ಎಂದುಕೊಳ್ಳಿ, ಎದುರಾಳಿಯ ಗೋಲಿನ ಬಾಯಿಯದು ಹತ್ತು. ಒಬ್ಬ ನಡುವಿನಿಂದ ಆ ಬಾಯಿಗೆ ಪಾಸ್ ಕೊಟ್ಟು ಅದು ನಮ್ಮವನಿಗೇ ಸಿಕ್ಕರೆ ಕೊಟ್ಟವನ ಹೆಸರಿಗೆ ಒಂಬತ್ತು ಅಂಕ. ಗೋಲು ಆಗಲೇಬೇಕೆಂದಿಲ್ಲ. ಅಪಾಯದ ಜಾಗಕ್ಕೆ ಚೆಂಡನ್ನು ಮುಟ್ಟಿಸಿದ್ದಕ್ಕೇ ಅಂಕ. ಹಿಂದಕ್ಕೆ ಕೊಟ್ಟರೆ ಮೈನಸ್. ಗೋಲು ಹೊಡೆದವನನ್ನೇ ಹೊತ್ತು ಮೆರೆಸುವ ಆಟದಲ್ಲಿ, ಅದಕ್ಕೆ ಮೊದಲು ಚೆಂಡನ್ನು ಅಲ್ಲಿಗೆ ತಂದವನಿಗೂ ನ್ಯಾಯ ಸಿಗಲಿ ಎಂದೇ ಈ ಲೆಕ್ಕ ಹುಟ್ಟಿದ್ದು.

ಆ ನ್ಯಾಯ ಸಿಗಬೇಕಾಗಿದ್ದವನೊಬ್ಬ ನಮ್ಮ ತಂಡದಲ್ಲಿದ್ದ. ಮಿಡ್‌ಫೀಲ್ಡರ್, ಅಂದರೆ ನಡುಮೈದಾನದ ಆಟಗಾರ, ವಯಸ್ಸು ಮೂವತ್ತೊಂದು, ನನಗಿಂತ ಮೂರು ವರ್ಷ ದೊಡ್ಡವನು. ಅವನ ಅಪ್ಪ ಕುಂದಾಪುರದ ಕಡೆಯವರು. ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು. ಇವನು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವನು. ಮನೆಯ ಕನ್ನಡ, ಬೀದಿಯ ತಮಿಳು ಎರಡೂ ಬಾಯಲ್ಲಿ ಕಲೆತು ಬರುತ್ತಿದ್ದವು. ಆ ವರ್ಷ ಅವನನ್ನು ಒಂದು ಪಂದ್ಯದಲ್ಲೂ ಶುರುವಿನಿಂದ ಆಡಿಸಲಿಲ್ಲ. ಅರವತ್ತನೇ ನಿಮಿಷಕ್ಕೆ ಇಳಿಯುವುದು, ಅರ್ಧ ಗಂಟೆ ಆಡುವುದು. ಸೀಸನ್ ಮುಗಿದರೆ ಅವನ ಒಪ್ಪಂದವೂ ಮುಗಿಯುತ್ತಿತ್ತು. ಆ ವಯಸ್ಸಿನಲ್ಲಿ ಕ್ಲಬ್ ಬಿಟ್ಟರೆ ಇನ್ನೊಂದು ಕ್ಲಬ್ ಕರೆಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವನ ಅಂಕ ಮಾತ್ರ ಪ್ರತಿ ಪಂದ್ಯದಲ್ಲೂ ಮೈನಸ್. ದೊಡ್ಡ ಮೈನಸ್ ಅಲ್ಲ, ಆದರೆ ತಪ್ಪದೇ ಮೈನಸ್. ಗ್ರಾಫಿನಲ್ಲಿ ಉಳಿದ ಮಿಡ್‌ಫೀಲ್ಡರ್‌ಗಳ ಪಟ್ಟಿ ಮೇಲಕ್ಕೆ ಬೆಳೆಯುತ್ತಿದ್ದರೆ ಇವನದು ಗೆರೆಯ ಕೆಳಗೆ ಕೆಂಪಗೆ ತೂಗಾಡುತ್ತಿತ್ತು. ಬದಲಿಯಾಗಿ ಇಳಿದ ಬೇರೆಯವರದೂ ಸೊನ್ನೆಯ ಆಸುಪಾಸಿನಲ್ಲೇ ಇತ್ತು. ಅದಕ್ಕೂ ನಾನೊಂದು ಸಿದ್ಧಾಂತ ಹೊಸೆದಿದ್ದೆ: ತಡವಾಗಿ ಇಳಿದವರು ಆಟದ ಓಟಕ್ಕೆ ಹೊಂದಿಕೊಳ್ಳುವುದಿಲ್ಲ. ಎಲ್ಲರೂ ತಲೆದೂಗಿದರು. ನನಗೆ ಇನ್ನಷ್ಟು ಕೊಬ್ಬು.

ಡಿಸೆಂಬರಿನ ಒಂದು ಮಧ್ಯಾಹ್ನ ಆಟಗಾರರನ್ನೆಲ್ಲ ಆಫೀಸಿಗೆ ಕರೆಸಿ ಪರದೆಯ ಮೇಲೆ ಅಂಕ ತೋರಿಸಿದೆ. ಇವನ ಸರದಿ ಬಂದಾಗ, “ಇವರು ಮೈದಾನಕ್ಕೆ ಇಳಿದ ಕೂಡಲೇ ನಮ್ಮ ಚೆಂಡಿಗೆ ಮನೆ ನೆನಪಾಗುತ್ತೆ” ಎಂದೆ, ಇಂಗ್ಲಿಷಿನಲ್ಲಿ. ಎಲ್ಲರೂ ನಕ್ಕರು. ಕೋಚ್ ಕೂಡ ನಕ್ಕರು. ಅವನೂ ನಕ್ಕ. ಅರ್ಥವಾಗಿ ನಕ್ಕನೋ, ಎಲ್ಲರೂ ನಕ್ಕರೆಂದು ನಕ್ಕನೋ, ಆಗ ನನಗೆ ಬೇಕಿರಲಿಲ್ಲ.

ಸಭೆ ಮುಗಿದ ಮೇಲೆ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ.

“ಮೇಡಂ, ನಾನು ಮುಂದೆಯೇ ಕೊಡುದಲ್ವಾ? ಪಾಸ್ ಎಲ್ಲ ಕರೆಕ್ಟಾ ಹೋಗ್ತದೆ. ಒಂದು ಸಲ ವಿಡಿಯೋ ನೋಡ್ತೀರಾ?”

“ಕಣ್ಣಿಗೆ ಕಂಡಿದ್ದೆಲ್ಲ ನಿಜ ಅಂದ್ಕೊಂಡ್ರೆ ನಾನ್ಯಾಕೆ ಇಲ್ಲಿ ಕೂತಿರ್ಬೇಕು?” ಎಂದೆ. “ಮುಂದಕ್ಕೆ ಕೊಡಿ. ಗೋಲಿನ ಎದುರಿಗೆ ಕೊಡಿ. ಅಂಕ ತಾನಾಗೇ ಬರುತ್ತೆ.”

“ಆಯ್ತು ಮೇಡಂ. ಪ್ರತಿ ಮ್ಯಾಚ್ ಆದ್ಮೇಲೆ ನಂಬರ್ ಕಳಿಸ್ತೀರಾ? ತಿದ್ದಿಕೊಳ್ತೇನೆ.”

ಕಳಿಸಿದೆ. ಅವನು ನಾನು ಹೇಳಿದ ಹಾಗೆಯೇ ಆಡಿದ. ಸಿಕ್ಕ ಚೆಂಡನ್ನೆಲ್ಲ ಗೋಲಿನ ಎದುರಿಗೆ ಸುರಿದ. ಅಂಕ ಇನ್ನೂ ಕೆಳಗಿಳಿಯಿತು. ಮತ್ತೆ ಆಡಿದ, ಮತ್ತೆ ಇಳಿಯಿತು. ಒಂದು ಪಂದ್ಯದಲ್ಲಿ ಅವನಿಗೆ ತೊಡೆ ಹಿಡಿದುಕೊಂಡು ಓಡಲಾಗಲಿಲ್ಲ. ಮೂರು ನಾಲ್ಕು ಸಲ ಚೆಂಡನ್ನು ಸುಮ್ಮನೆ ನಮ್ಮ ಗೋಲ್‌ಕೀಪರ್‌ಗೇ ವಾಪಸ್ ಕೊಟ್ಟ. ಅವತ್ತು ಅವನ ಅಂಕ ಇಡೀ ತಂಡದಲ್ಲೇ ಮೇಲಿತ್ತು. ಮಾರನೇ ದಿನ ಫೋನ್ ಮಾಡಿದ.

“ಮೇಡಂ, ನಿನ್ನೆ ನಾನು ಎಲ್ಲ ಹಿಂದೆಯೇ ಕೊಟ್ಟದ್ದು. ಪ್ಲಸ್ ಬಂದಿದೆ. ಅದು ಹೇಗೆ ಮಾರಾಯ್ರೆ?”

ಆ ಪ್ರಶ್ನೆಯನ್ನು ಕೇಳಬೇಕಾಗಿದ್ದವಳು ನಾನು. ಸಂಬಳ ಬರುತ್ತಿದ್ದದ್ದು ನನಗೆ. ಒಬ್ಬ ಆಟಗಾರ ತಪ್ಪನ್ನು ಎತ್ತಿ ನನ್ನ ಕೈಗೇ ಇಟ್ಟಿದ್ದ. ಅಡುಗೆಯವರ ಮಗ ನನ್ನ ಲೆಕ್ಕಕ್ಕೆ ಮೂಗು ತೂರಿಸುತ್ತಾನಲ್ಲ ಎಂದು ನನಗೆ ಸಿಟ್ಟು ಬಂತು. ಹೌದು, ಹಾಗೇ ಅಂದುಕೊಂಡೆ, ಈ ಮಾತನ್ನು ಮುಚ್ಚಿಟ್ಟು ಏನಾಗಬೇಕು.

“ಹಿಂದಕ್ಕೆ ಕೊಟ್ರೆ ಚೆಂಡು ಕಳ್ಕೊಳಲ್ಲ, ಅದಕ್ಕೇ ಪ್ಲಸ್” ಎಂದೆ. ಅದು ಶುದ್ಧ ಸುಳ್ಳು. ಚೆಂಡು ಕಳೆದುಕೊಂಡರೆ ಕಳೆಯುವ ಲೆಕ್ಕ ನಮ್ಮದಾಗಿರಲೇ ಇಲ್ಲ, ಮುಟ್ಟಿದ ಪಾಸುಗಳನ್ನಷ್ಟೇ ಎಣಿಸುತ್ತಿದ್ದೆವು.

“ಓಹೋ,” ಎಂದ. “ಹಾಗಾದ್ರೆ ನನ್ನದೇ ತಪ್ಪು.”

ಫೆಬ್ರವರಿಯಲ್ಲಿ, ಕೊನೆಯ ಪಂದ್ಯಕ್ಕೆ ಒಂದು ವಾರ ಮೊದಲು, ಯಾರನ್ನು ಉಳಿಸಿಕೊಳ್ಳುವುದು ಎಂಬ ಪಟ್ಟಿ ಮಾಲೀಕರಿಗೆ ಹೋಗಬೇಕಿತ್ತು. ಕೋಚ್‌ಗೆ ಅವನ ಮೇಲೆ ಸ್ವಲ್ಪ ಮನಸ್ಸಿತ್ತು. “ಕಣ್ಣಿಗೆ ಒಳ್ಳೆಯವನ ಹಾಗೆ ಕಾಣುತ್ತಾನೆ” ಎಂದರು. ನಾನು ಗ್ರಾಫಿನ ಕೆಂಪು ಪಟ್ಟಿ ತೋರಿಸಿದೆ. ಅವರು ಹೆಸರು ಹೊಡೆದುಹಾಕಿದರು.

ಕೊನೆಯ ಪಂದ್ಯದಲ್ಲಿ ಸೋಲು ಗೆಲುವಿಗೆ ಬೆಲೆಯಿರಲಿಲ್ಲ. ಎರಡನೇ ಗೋಲ್‌ಕೀಪರನೂ ಪಾಪ ಒಂದು ಸಲ ಆಡಲಿ ಎಂದು ಅವನನ್ನು ದ್ವಿತೀಯಾರ್ಧಕ್ಕೆ ಇಳಿಸಿದರು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಆ ಪಂದ್ಯದ ಚಿತ್ರ ತೆರೆದೆ. ಪಾಸ್ ಹೊರಟ ಜಾಗಕ್ಕೆಲ್ಲ ಒಂದೊಂದು ಚುಕ್ಕಿ ಇರುತ್ತದೆ. ಆ ಚುಕ್ಕಿಗಳ ಪ್ರಕಾರ ನಮ್ಮ ಗೋಲ್‌ಕೀಪರ್ ನಲವತ್ತೈದು ನಿಮಿಷವೂ ಎದುರಾಳಿಯ ಗೋಲಿನ ಬಾಯಲ್ಲಿ ನಿಂತಿದ್ದ.

ಕಾಫಿ ಲೋಟ ಕೆಳಗಿಟ್ಟು ನನ್ನ ಪ್ರೋಗ್ರಾಮ್ ತೆರೆದೆ.

ಫುಟ್‌ಬಾಲಿನಲ್ಲಿ ಮಧ್ಯಂತರದ ಮೇಲೆ ತಂಡಗಳು ಬದಿ ಬದಲಿಸುತ್ತವೆ. ಮೊದಲು ಬಲಕ್ಕೆ ಹೊಡೆಯುತ್ತಿದ್ದವರು ಆಮೇಲೆ ಎಡಕ್ಕೆ ಹೊಡೆಯುತ್ತಾರೆ. ವಿಡಿಯೋ ನೋಡಿ ಗುರುತು ಹಾಕುವವರು ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾರೆ. ದ್ವಿತೀಯಾರ್ಧದ ಚುಕ್ಕಿಗಳನ್ನೆಲ್ಲ ತಿರುಗಿಸಿ ಒಂದೇ ದಿಕ್ಕಿಗೆ ತರುವುದು ನನ್ನ ಪ್ರೋಗ್ರಾಮಿನ ಕೆಲಸ. ಆ ಸೀಸನ್ನಿಗೆಂದು ಅದನ್ನು ಹೊಸದಾಗಿ ಬರೆಯುವಾಗ ನಾನು, ಯಾರ ಚುಕ್ಕಿ ತಿರುಗಿಸಬೇಕು ಎಂಬುದಕ್ಕೆ ಪಂದ್ಯ ಶುರು ಮಾಡಿದ ಹನ್ನೊಂದು ಜನರ ಪಟ್ಟಿ ಕೊಟ್ಟಿದ್ದೆ. ಬದಲಿಯಾಗಿ ಬಂದವರು ಆ ಪಟ್ಟಿಯಲ್ಲಿರಲಿಲ್ಲ. ಅವರ ಆಟ ಇಡೀ ಸೀಸನ್ ತಲೆಕೆಳಗಾಗಿಯೇ ಲೆಕ್ಕಕ್ಕೆ ಬಂದಿತ್ತು. ಅವನು ಎದುರಾಳಿಯ ಗೋಲಿಗೆ ಕೊಟ್ಟದ್ದೆಲ್ಲ ನಮ್ಮ ಗೋಲಿಗೆ ಕೊಟ್ಟ ಹಾಗೆ. ನಮ್ಮ ಕೀಪರ್‌ಗೆ ವಾಪಸ್ ಕೊಟ್ಟದ್ದು ಅಪಾಯದ ಬಾಯಿಗೆ ಕೊಟ್ಟ ಹಾಗೆ. ಬೇರೆಯವರು ಅಲ್ಲೊಂದು ಇಲ್ಲೊಂದು ಪಂದ್ಯದಲ್ಲಿ ಬದಲಿಯಾಗಿ ಬಂದಿದ್ದರು, ಅವರಿಗೆ ಪೆಟ್ಟು ಅಷ್ಟಾಗಿ ತಾಗಲಿಲ್ಲ. ಇವನು ದ್ವಿತೀಯಾರ್ಧ ಬಿಟ್ಟರೆ ಬೇರೇನೂ ಆಡಿರಲಿಲ್ಲ.

ಆ ಒಂದು ಸಾಲು ತಿದ್ದಿದೆ, ಮತ್ತೆ ಓಡಿಸಿದೆ. ಆಡಿದ ನಿಮಿಷಕ್ಕೆ ಹೋಲಿಸಿದರೆ ತಂಡದಲ್ಲಿ ಎಲ್ಲರಿಗಿಂತ ಮೇಲೆ ಅವನ ಹೆಸರಿತ್ತು. ನಾನು ಹೇಳಿದ ಹಾಗೆ ಆಡಿದ ತಿಂಗಳುಗಳಲ್ಲಂತೂ ಅವನ ಹತ್ತಿರಕ್ಕೆ ಬರುವವರೇ ಇರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆ. ಅವರು ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬಾಗಿಲು ಹಾಕಿ ಬಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು: “ಇದು ಇನ್ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ ಸಾರ್.”

“ವಿಡುಮ್ಮಾ,” ಎಂದರು. ಬಿಟ್ಟುಬಿಡಮ್ಮ ಎಂದು. “ಅವನ ಜಾಗಕ್ಕೆ ಆಗಲೇ ಬೇರೆಯವನು ಸಹಿ ಹಾಕಿದ್ದಾನೆ. ಒಂದು ವರ್ಷ ನಾವು ಮೈದಾನವನ್ನೇ ತಲೆಕೆಳಗಾಗಿ ಹಿಡಿದಿದ್ದೆವು ಅಂತ ಮಾಲೀಕರ ಮುಂದೆ ನೀನು ಹೇಳ್ತೀಯಾ? ಹೇಳಿದ್ರೆ ಅವನು ವಾಪಸ್ ಬರಲ್ಲ, ನೀನು ಹೋಗ್ತೀಯ.”

ನಾನು ಬಾಯಿ ಮುಚ್ಚಿಕೊಂಡೆ. ಹೊಸ ಸೀಸನ್ನಿನಲ್ಲಿ ಬದಲಿ ಆಟಗಾರರ ಅಂಕ ಏಕಾಏಕಿ ಏರಿದ್ದನ್ನು ಕಂಡು ಕೋಚ್ ಕಾರಣ ಕೇಳಿದರು. ಲೆಕ್ಕವನ್ನು ಇನ್ನೂ ಸೂಕ್ಷ್ಮ ಮಾಡಿದ್ದೇನೆ ಎಂದೆ. ಬೆನ್ನು ತಟ್ಟಿದರು.

ಆದರೂ ಒಂದು ಭಾನುವಾರ ಬೆಳಿಗ್ಗೆ, ಇವತ್ತು ಹೇಳಿಬಿಡುತ್ತೇನೆ, ಆಗಿದ್ದಾಗಲಿ ಎಂದು ಗಟ್ಟಿ ಮಾಡಿಕೊಂಡು ಗಿಂಡಿಯಲ್ಲಿ ಲೋಕಲ್ ಟ್ರೇನ್ ಹತ್ತಿ ಮಾಂಬಲಂನಲ್ಲಿ ಇಳಿದೆ. ತಿದ್ದಿದ ಪಟ್ಟಿಯನ್ನು ಪ್ರಿಂಟ್ ಮಾಡಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಅದನ್ನು ತೋರಿಸಿ ಅವನು ಬೇರೆ ಕ್ಲಬ್ಬುಗಳನ್ನು ಕೇಳಬಹುದಿತ್ತು.

ಅವನು ಹೋಟೆಲಿನಲ್ಲೇ ಇದ್ದ. ಈಗ ನಗರದ ಒಂದು ಸಣ್ಣ ಲೀಗ್ ತಂಡಕ್ಕೆ ಆಡುತ್ತಾನಂತೆ, ಉಳಿದ ಹೊತ್ತು ಇಲ್ಲಿ ಬಿಲ್ಲಿನ ಮೇಜು. ನನ್ನನ್ನು ಕಂಡು ಎದ್ದುಬಂದು ಫ್ಯಾನಿನ ಕೆಳಗಿನ ಟೇಬಲ್ ಒರೆಸಿಕೊಟ್ಟ. ಅವನ ಅಪ್ಪ ಒಳಗಿನಿಂದ ತಾವೇ ಇಡ್ಲಿ ತಂದರು, ಕೈ ಒರೆಸಿಕೊಂಡು ಮುಗಿದರು.

“ಇವ ನಿಮ್ಮ ಬಗ್ಗೆ ಹೇಳ್ತಿರ್ತಾನೆ. ಉಳಿದವರೆಲ್ಲ ಬೆನ್ನಹಿಂದೆ ಮಾತಾಡಿದ್ದು. ನೀವೊಬ್ರೇ ಅಂತೆ ಎದುರಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ್ದು.”

ನಾನು ಬ್ಯಾಗಿನ ಜಿಪ್ ತೆಗೆದು ಪಟ್ಟಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವನು ಫೋನ್ ಹಿಡಿದುಕೊಂಡು ಎದುರು ಕೂತ.

“ಈಗ ತಿದ್ದಿಕೊಂಡೆ ಮೇಡಂ. ಆ ತೊಡೆ ನೋವಿನ ಮ್ಯಾಚ್ ಉಂಟಲ್ಲ, ಅದ್ರಲ್ಲಿ ಅರ್ಥ ಆಯ್ತು. ಸಣ್ಣದಿಂದ ಮುಂದೆ ಮುಂದೆ ಕೊಡುದೇ ನನ್ನ ಚಟ. ಅದೇ ತಪ್ಪು. ನೋಡಿ.”

ವಿಡಿಯೋದಲ್ಲಿ ಅವನ ಕಾಲಲ್ಲಿ ಚೆಂಡಿತ್ತು. ಮುಂದೆ ಅವನ ಹೊಸ ತಂಡದವನೊಬ್ಬ ಕೈ ಎತ್ತಿ ಓಡುತ್ತಿದ್ದ, ಗೋಲಿನ ಎದುರು ಅವನನ್ನು ತಡೆಯುವವರು ಯಾರೂ ಇರಲಿಲ್ಲ. ಇವನು ತಲೆ ಎತ್ತಿ ಅವನನ್ನು ನೋಡಿದ. ಆಮೇಲೆ ಮೈ ತಿರುಗಿಸಿ ಚೆಂಡನ್ನು ತನ್ನ ಗೋಲ್‌ಕೀಪರ್‌ಗೆ ಕೊಟ್ಟ.

“ಇದು ಪ್ಲಸ್ ಅಲ್ವಾ ಮೇಡಂ?”

ಅವನ ಅಪ್ಪ ಚಟ್ನಿಯ ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಜಿಪ್ ಎಳೆದು ಬ್ಯಾಗ್ ಮುಚ್ಚಿದೆ.

“ಹೌದು,” ಎಂದೆ. “ಪ್ಲಸ್.”