ಅರಿಶಿಣ ಡಬ್ಬಿಯ ಬಾಡಿಗೆ

ಮಳೆ ಕೈಕೊಟ್ಟ ವರ್ಷ ನಮ್ಮೂರು ಚಿಂತಾಕಿ ಬಿಟ್ಟು ಬೀದರಿಗೆ ಬಂದೆವು. ಅಪ್ಪ ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ಹಮಾಲಿಗೆ ನಿಂತ. ಚೀಲ ಎತ್ತಿದ ದಿನ ದುಡ್ಡು, ಇಲ್ಲದ ದಿನ ಇಲ್ಲ. ತಿಂಗಳ ಬಾಡಿಗೆ ತಪ್ಪಿದರೆ ಕೋಣೆ ಖಾಲಿ ಮಾಡಬೇಕೆಂದು ಮನೆಯೊಡತಿ ಮೊದಲೇ ಹೇಳಿದ್ದಳು. ಊರಿಗೆ ವಾಪಸು ಹೋದರೆ ಕುಡಿಯಲಿಕ್ಕೂ ನೀರಿರಲಿಲ್ಲ.

ನಮ್ಮವ್ವನ ಬ್ಯಾಂಕು ಅಡುಗೆಯ ಗೂಡಿನಲ್ಲಿತ್ತು. ಸಂಜೆ ಅಪ್ಪ ತಂದದ್ದನ್ನು ಆಗಲೇ ಹಂಚಿಬಿಡುವಳು. ದಿನದ ಜೋಳ, ಬೇಳೆ, ಎಣ್ಣೆಯ ಪಾಲು ಸಾಸಿವೆ ಡಬ್ಬಿಗೆ. ಬಾಡಿಗೆಯ ಪಾಲು ಬಟ್ಟೆಯಲ್ಲಿ ಸುತ್ತಿ ಅರಿಶಿಣ ಡಬ್ಬಿಯ ತಳಕ್ಕೆ. ಅರಿಶಿಣದಲ್ಲಿ ಕೈ ಹಾಕಿದ ಕಳ್ಳ ಹಳದಿ ಕೈಯಲ್ಲೇ ಸಿಗುತ್ತಾನೆ ಎಂಬುದು ಅವಳ ಲೆಕ್ಕಾಚಾರ.

ತಿಂಗಳ ಕೊನೆಯ ವಾರ ಅಪ್ಪ ತಂದ ನೋಟುಗಳ ಅಂಚು ಹಳದಿಯಾಗಿತ್ತು.

"ಏನ್ರಿ ಇದು?" ಅಂದಳು ಅವ್ವ.

"ಗಂಜಿನ್ಯಾಗ ಅರಿಶಿಣದ ಲಾರಿ ಬಂದಿತ್ತು."

ಮರುದಿನವೂ ಹಳದಿ ನೋಟು, ಮೂರನೆಯ ದಿನವೂ. ಇಂಥ ಬರದಲ್ಲೂ ಅಪ್ಪನಿಗೆ ದಿನಾ ಲಾರಿ ಸಿಗುತ್ತದಲ್ಲ ಎಂದು ನಾನು ಓಣಿ ತುಂಬಾ ಜಂಬ ಕೊಚ್ಚಿಕೊಂಡೆ. ಅವ್ವ ಆ ನೋಟುಗಳನ್ನು ಹಂಚಿದಳು. ಮೂರನೆಯ ಸಂಜೆ ಬಾಡಿಗೆಯ ಗಂಟು ಬಿಚ್ಚಿ ನೋಡಿದಳು. ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಗಂಟನ್ನು ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ಅರಿಶಿಣ ಡಬ್ಬಿಗೆ ಎರಡು ಮುಷ್ಟಿ ಖಾರದ ಪುಡಿ ಬೆರೆಸಿದಳು.

ಬೆಳಿಗ್ಗೆ ಅವಳು ನಳಕ್ಕೆ ಹೋಗಿದ್ದಾಗ ಅಪ್ಪ ಡಬ್ಬಿ ಇಳಿಸಿದ. ಪುಡಿ ಕೆದಕಿ, ಏನೂ ಸಿಗದೆ, ಕಕ್ಕಾಬಿಕ್ಕಿಯಾಗಿ ಬೆವರು ಒರೆಸಿಕೊಂಡ. ಆ ಕೈಯಿಂದಲೇ ಕಣ್ಣನ್ನೂ ಒರೆಸಿಕೊಂಡ. ಕ್ವಿಂಟಲ್ ಚೀಲಕ್ಕೆ ಬಗ್ಗದ ಮನುಷ್ಯ ಅಂಗಳದಲ್ಲಿ ಕುಣಿಯತೊಡಗಿದ.

ಅವ್ವ ಕೊಡ ಇಳಿಸಿ ಕೇಳಿದಳು: "ಇವತ್ತ ಖಾರದ ಲಾರಿ ಬಂತೇನ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ: "ಮೂರು ದಿನ ಆಯ್ತು, ಒಂದ ಚೀಲಾನೂ ಎತ್ತಿಲ್ಲ. ಬರಿಗೈಲೆ ಮನಿಗಿ ಬರ್ಲಾಕ ನಾಚಿಕಿ ಬಂತು. ಮುಂಜಾನಿ ಡಬ್ಬ್ಯಾಗಿಂದ ತಗೊಂಡಿದ್ದೇ ಸಂಜಿಗಿ ನಿನಗ ಕೊಟ್ಟೆ."

ನಾವು ಆ ಮೂರು ದಿನ ಬಾಡಿಗೆಯನ್ನೇ ರೊಟ್ಟಿ ಮಾಡಿ ತಿಂದಿದ್ದೆವು. ಅವ್ವ ಬೈಯುತ್ತಾಳೆ ಅಂದುಕೊಂಡೆ. ಅವಳು ಅಪ್ಪನ ಮುಖಕ್ಕೆ ಕೊಡದ ನೀರು ಸುರಿದಳು, ಇಡೀ ಕೊಡ.

ಇದ್ದಷ್ಟನ್ನು ಮನೆಯೊಡತಿಯ ಕೈಗಿಟ್ಟು, ಉಳಿದದ್ದಕ್ಕೆ ಎರಡು ವಾರ ಬೇಡಿಕೊಂಡು ಬಂದಳು. ಆ ಎರಡು ವಾರ ಒಗ್ಗರಣೆಗೆ ಎಣ್ಣೆ ಇರಲಿಲ್ಲ.

ಬಾಡಿಗೆ ತೀರಿದ ಮೇಲೆ ಗೂಡಿಗೆ ಮೂರನೆಯ ಡಬ್ಬಿ ಬಂತು. ಕೆಲಸ ಸಿಕ್ಕ ದಿನ ಅದಕ್ಕೆ ಎರಡು ರೂಪಾಯಿ. ಇದು ಯಾವುದರ ಡಬ್ಬಿ ಎಂದು ಅಪ್ಪ ದೂರದಿಂದಲೇ ಕೇಳಿದ.

"ಕೆಲಸ ಸಿಗದ ದಿನದ್ದು," ಅಂದಳು ಅವ್ವ. "ಬರಿಗೈಲೆ ಬರ್ರಿ, ನಿಮ್ಮ ಕೈಯಾರೆ ತಗೊಂಡು ನನಗ ಕೊಡ್ರಿ. ಖಾರ ಹಾಕಿಲ್ಲ."