ಹದಿನಾರನೇ ತಾರೀಕಿನ ಬಾಡಿಗೆ

ನಾನು ಹುಣಸೂರಿನ ಆ ವಠಾರಕ್ಕೆ ಹೋದದ್ದು ಇಂಗ್ಲಿಷ್ ತಿಂಗಳ ಹದಿನಾರನೇ ತಾರೀಕು. ಒಂದನೇ ತಾರೀಕಿಗೇ ಹೋಗಬಹುದಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಗಂಡ ಸತ್ತ ಮೇಲೆ ಮೈದುನಂದಿರು ಹೊರಗೆ ಹಾಕುವಾಗ ತಾರೀಕು ನೋಡಿ ಹಾಕುತ್ತಾರೆಯೇ? ಕಟ್ಟೆಮಳಲವಾಡಿಯಿಂದ ಮುತ್ತುಗದ ಎಲೆ ತುಂಬಿಕೊಂಡು ಒಂದು ಗಾಡಿ ಪೇಟೆಗೆ ಹೊರಟಿತ್ತು. ಅದರ ಮೇಲೆ ನನ್ನ ಎರಡು ಪಾತ್ರೆ, ಒಂದು ಚಾಪೆ ಹಾಕಿ ನಾನೂ ಹತ್ತಿಕೊಂಡೆ. ಹೋಟೆಲುಗಳಿಗೆ ಊಟದ ಎಲೆ ಹಚ್ಚಿ ಕೊಟ್ಟರೆ ಒಂದು ಹೊಟ್ಟೆ ತುಂಬುತ್ತದೆ ಎಂದು ಗೊತ್ತಿತ್ತು. ಅಷ್ಟು ಸಾಕಾಗಿತ್ತು.

ವಠಾರದಲ್ಲಿ ಆರು ಕೋಣೆ, ನಡುವೆ ಅಂಗಳ, ಅಂಗಳದಲ್ಲಿ ಬಾವಿ. ಒಡತಿ ಬೀದಿಯ ಕಡೆಯ ದೊಡ್ಡ ಮನೆಯಲ್ಲಿದ್ದಳು. ಅವಳಿಗೂ ಗಂಡ ಇರಲಿಲ್ಲ, ಆದರೆ ಗಂಡ ಬಿಟ್ಟುಹೋದ ಆರು ಕೋಣೆ ಇದ್ದವು. ಕೋಣೆಗೆ ತಿಂಗಳಿಗೆ ಎರಡು ರೂಪಾಯಿ ಬಾಡಿಗೆ. ಎರಡು ತಿಂಗಳ ಬಾಡಿಗೆಯಷ್ಟು, ಅಂದರೆ ನಾಲ್ಕು ರೂಪಾಯಿ ಮುಂಗಡ. ಕೋಣೆ ಬಿಡುವಾಗ ಅದು ವಾಪಸು. ಇದಲ್ಲದೆ ವಠಾರದ ಖರ್ಚು ಎಂದು ತಿಂಗಳಿಗೆ ನಾಲ್ಕಾಣೆ. ಕಕ್ಕಸು ತೊಳೆಯುವವಳಿಗೆ, ಬಾವಿಯ ಹಗ್ಗಕ್ಕೆ, ಓಣಿಯಲ್ಲಿ ಹಚ್ಚುವ ಲಾಟೀನಿನ ಎಣ್ಣೆಗೆ.

ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದೆ. ತಿಂಗಳಲ್ಲಿ ಅರ್ಧ ಕಳೆದಿದೆ, ಬಾಡಿಗೆ ಒಂದು ರೂಪಾಯಿ. ಖರ್ಚು ಎರಡಾಣೆ. ಮುಂಗಡ ನಾಲ್ಕು. ಒಟ್ಟು ಐದು ರೂಪಾಯಿ ಎರಡಾಣೆ. ಸೆರಗಿನಲ್ಲಿ ಆರು ರೂಪಾಯಿ ಗಂಟು ಹಾಕಿದ್ದೆ. ಉಳಿದದ್ದರಲ್ಲಿ ರಾಗಿ, ಸೌದೆ, ಉಪ್ಪು. ಒಡತಿ ಆರೂ ರೂಪಾಯಿ ಎಣಿಸಿ ಮಡಿಲಿಗೆ ಹಾಕಿಕೊಂಡು, ಇನ್ನೂ ನಾಲ್ಕಾಣೆ ಬರಬೇಕು ಎಂದಳು.

ಅರ್ಧ ತಿಂಗಳಲ್ಲವೇ ಎಂದು ಕೇಳಿದೆ.

"ನಿಂಗೆ ಅರ್ಧ ಕೋಣೆ ಕೊಟ್ಟಿವ್ನಾ? ಪೂರಾ ಕೋಣೆ ಕೊಟ್ಟಿವ್ನಿ, ಪೂರಾ ಬಾಡಿಗೆ ಕೊಡು. ನೀನು ನಡುವ್ಲಿ ಬಂದ್ರೆ ನಾನೇನು ಮಾಡ್ಲಿ ಕಣಮ್ಮಿ, ನಾನು ಕರೆದಿದ್ನಾ?"

ಬಾಗಿಲಲ್ಲಿ ನಿಂತಿದ್ದ ಇಬ್ಬರು ಹೆಂಗಸರು ನಕ್ಕರು. ಗಾಡಿಯವನು ನನ್ನ ಪಾತ್ರೆ, ಚಾಪೆ ಇಳಿಸಿ ಹೋಗಿಬಿಟ್ಟಿದ್ದ. ಸರಿ ಎಂದೆ. ಆ ನಾಲ್ಕಾಣೆ ಸಾಲ ತೀರಿಸುವವರೆಗೆ ಒಂದು ವಾರ ಮಧ್ಯಾಹ್ನದ ಊಟ ಬಿಟ್ಟೆ. ಹಸಿವು ಹೊಸದೇನಲ್ಲ. ಅವರು ನಕ್ಕದ್ದು ಮಾತ್ರ ಮರೆಯಲಿಲ್ಲ.

ನನ್ನ ಪಕ್ಕದ ಕೋಣೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಹೇಬರೊಬ್ಬರು ಹೆಂಡತಿಯ ಜೊತೆ ಇದ್ದರು. ಆಕೆ ನನಗಿಂತ ದೊಡ್ಡವಳು, ನಾನು ಬೂಬಮ್ಮ ಎನ್ನುತ್ತಿದ್ದೆ. ಒಂದು ದಿನ ಒಗೆಯುವ ಕಲ್ಲಿನ ಹತ್ತಿರ ಆಕೆಯೇ ಮಾತು ತೆಗೆದಳು. ನನಗಿಂತ ಮುಂಚೆ ಆ ಕೋಣೆಯಲ್ಲಿ ಒಬ್ಬ ದರ್ಜಿ ಇದ್ದನಂತೆ. ನಾನು ಬರುವ ನಾಲ್ಕು ದಿನ ಮೊದಲು ಬಿಟ್ಟುಹೋದನಂತೆ. ಅವನು ಒಂದನೇ ತಾರೀಕಿಗೇ ಇಡೀ ತಿಂಗಳ ಬಾಡಿಗೆ ಕೊಟ್ಟಿದ್ದ, ಹೋಗುವಾಗ ಒಂದು ಕಾಸೂ ವಾಪಸು ಬರಲಿಲ್ಲವಂತೆ.

"ಅವಂದೂ ಪೂರಾ, ನಿಂದೂ ಪೂರಾ. ಒಂದೇ ತಿಂಗಳಲ್ಲಿ ಒಂದೇ ಕೋಣೆ ಎರಡು ಸಲ ಹಡೀತು ನೋಡು" ಎಂದು ಆಕೆ ಬಟ್ಟೆ ಹಿಂಡಿದಳು.

ನಾನು ಅಲ್ಲಿಂದ ಎದ್ದು ಕೋಣೆಗೆ ಬಂದು ಕೂತೆ. ಆ ದಿನ ಹಚ್ಚಿದ ಎಲೆಯೆಲ್ಲ ಹರಿದವು. ಒಂದು ರೂಪಾಯಿ ಎರಡಾಣೆ ದೊಡ್ಡದಲ್ಲ ಎಂದು ಹೇಳುವವರು ಆಗ ನೂರು ಎಲೆಗೆ ಎಷ್ಟು ಸಿಗುತ್ತಿತ್ತು ಎಂದು ತಿಳಿದು ಹೇಳಲಿ. ಎಂದಾದರೂ ಅದನ್ನು ಅವಳ ಕೈಯಿಂದ ಕಕ್ಕಿಸಬೇಕು ಎಂದುಕೊಂಡೆ. ಜಗಳ ಆಡಲಿಲ್ಲ. ಜಗಳ ಆಡಿದರೆ ಕೋಣೆ ಖಾಲಿ ಮಾಡು ಎನ್ನುತ್ತಿದ್ದಳು. ಪ್ರತಿ ತಿಂಗಳು ಒಂದನೇ ತಾರೀಕು ಬೆಳಿಗ್ಗೆಯೇ ಎರಡು ರೂಪಾಯಿ ನಾಲ್ಕಾಣೆ ತೆಗೆದುಕೊಂಡು ಹೋಗಿ, ಅವಳ ಕೈಗೇ ಇಟ್ಟು, ಅವಳ ಮುಖ ನೋಡಿ ಬರುತ್ತಿದ್ದೆ. ನನ್ನನ್ನು ಒಳ್ಳೆಯ ಬಾಡಿಗೆಯವಳು ಎಂದು ಅವಳು ಬೇರೆಯವರ ಹತ್ತಿರ ಹೊಗಳುತ್ತಿದ್ದಳಂತೆ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಪಿರಿಯಾಪಟ್ಟಣದ ಹೋಟೆಲಿನವರೊಬ್ಬರು ನನ್ನ ಎಲೆ ನೋಡಿ, ಅಲ್ಲಿಗೇ ಬಂದುಬಿಡು, ಹೋಟೆಲಿನ ಹಿಂದೆ ಕೋಣೆ ಇದೆ, ದಿನವೂ ಎಲೆ ತೆಗೆದುಕೊಳ್ಳುತ್ತೇನೆ ಎಂದರು. ಅಲ್ಲಿಯೂ ಮುಂಗಡ ನಾಲ್ಕು ರೂಪಾಯಿ. ಆದರೆ ಬರುವ ತಿಂಗಳ ಹದಿನಾರಕ್ಕೆ ಬಂದರೆ ಉಳಿದ ಅರ್ಧ ತಿಂಗಳ ಬಾಡಿಗೆ ಕೊಟ್ಟರೆ ಸಾಕು ಎಂದು ಅವರೇ ಬಾಯಿಬಿಟ್ಟು ಹೇಳಿದರು. ಆ ದಿನ ಸಾಯಂಕಾಲದೊಳಗೆ ಮುಂಗಡ ಕೈಗೆ ಬರಬೇಕು, ಇಲ್ಲದಿದ್ದರೆ ಇನ್ನೊಬ್ಬಳು ಕಾದಿದ್ದಾಳೆ ಎಂದೂ ಹೇಳಿದರು. ನನ್ನ ಹತ್ತಿರ ಬೇರೆ ನಾಲ್ಕು ರೂಪಾಯಿ ಎಲ್ಲಿತ್ತು? ಹುಣಸೂರಿನ ಮುಂಗಡವೇ ಪಿರಿಯಾಪಟ್ಟಣದ ಮುಂಗಡ ಆಗಬೇಕಿತ್ತು.

ಒಂದು ತಿಂಗಳ ಮುಂಚೆಯೇ ಒಡತಿಗೆ ಹೇಳಿದೆ. ಆಗಲಿ ಎಂದಳು. ಕೊನೆಯ ತಿಂಗಳ ಒಂದನೇ ತಾರೀಕು ಅರ್ಧ ಬಾಡಿಗೆ ಕೊಡಲು ಹೋದರೆ ಮತ್ತೆ ಅದೇ ರಾಗ. ತಿಂಗಳು ಹುಟ್ಟಿದ ಮೇಲೆ ಪೂರಾ ಕೊಡಬೇಕು, ನಡುವೆ ಹೋಗುವುದು ನಿನ್ನ ಖುಷಿ. ಕೊಡದಿದ್ದರೆ ಮುಂಗಡದಲ್ಲಿ ಹಿಡಿಯುತ್ತೇನೆ. ನಾನು ಪೂರಾ ಕೊಟ್ಟೆ. ಪಕ್ಕದ ಬೂಬಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ, ಆಕೆಯ ಎದುರಿಗೇ ಕೊಟ್ಟೆ.

ಹದಿನಾರನೇ ತಾರೀಕು ಬೆಳಿಗ್ಗೆ ನಾನು ಚಾಪೆ ಸುತ್ತುವ ಹೊತ್ತಿಗೆ ಬಾಗಿಲಿಗೆ ಒಂದು ಗಾಡಿ ಬಂತು. ಮರದ ಡಿಪೋದಲ್ಲಿ ಗುಮಾಸ್ತನಾಗಿದ್ದ ಒಬ್ಬ ಹುಡುಗಪ್ರಾಯದವನು, ಅವನ ತಾಯಿ, ಸಾಮಾನು. ನನ್ನ ಕೋಣೆಗೆ ಹೊಸ ಬಾಡಿಗೆಯವರು. ಒಡತಿ ಬಂದು ಕೀ ಕೊಡು ಎಂದಳು. ಮುಂಗಡ ಕೊಡಿ ಎಂದೆ. ಮೂರು ರೂಪಾಯಿ ಚಾಚಿದಳು. ಎಲೆಯ ಕಲೆ ಗೋಡೆಗೆಲ್ಲ ಆಗಿದೆ, ಸುಣ್ಣಕ್ಕೆ ಒಂದು ರೂಪಾಯಿ ಹಿಡಿದಿದ್ದೇನೆ ಎಂದಳು. ನಾನು ಬಂದಾಗಲೂ ಆ ಗೋಡೆ ಸುಣ್ಣ ಕಂಡಿರಲಿಲ್ಲ.

ನಾನು ಗುಮಾಸ್ತನ ಕಡೆ ತಿರುಗಿದೆ.

"ಸ್ವಾಮಿ, ತಪ್ಪು ತಿಳ್ಕೋಬ್ಯಾಡಿ. ಈ ತಿಂಗಳಿಗೆ ನೀವೆಷ್ಟು ಬಾಡಿಗೆ ಕೊಟ್ರಿ?"

"ಎರಡು ರೂಪಾಯಿ. ಯಾಕೆ?"

"ಮುಂಗಡ ಬುಟ್ಟು?"

"ಮುಂಗಡ ಬೇರೆ ನಾಲ್ಕು ಕೊಟ್ಟಿದೀನಿ. ವಠಾರದ ಖರ್ಚು ನಾಲ್ಕಾಣೆ."

"ನಾನೂ ಈ ತಿಂಗಳಿಗೆ ಎರಡು ರೂಪಾಯಿ ನಾಲ್ಕಾಣೆ ಕೊಟ್ಟಿವ್ನಿ. ಇಗೋ ಈ ಬೂಬಮ್ಮ ನೋಡವ್ರೆ. ತಿಂಗಳು ಮುಗಿಯೋಗಂಟ ಕೋಣೆ ನಂದು. ನೀವು ಒಂದನೇ ತಾರೀಕು ಬನ್ನಿ."

ಚಾಪೆ ಬಿಚ್ಚಿ ಹೊಸ್ತಿಲಿಗೆ ಅಡ್ಡ ಹಾಕಿ ಕೂತೆ. ಎಲೆಯ ಕಟ್ಟು ಬಿಚ್ಚಿ ಕಡ್ಡಿ ಚುಚ್ಚತೊಡಗಿದೆ. ವಠಾರದ ಬಾಗಿಲುಗಳೆಲ್ಲ ತೆರೆದವು.

ಒಡತಿ ಮೊದಲು ಬೈದಳು, ಆಮೇಲೆ ಪೊಲೀಸಿನವರನ್ನು ಕರೆಸುತ್ತೇನೆ ಎಂದಳು. ಕರೆಸಿ ಎಂದೆ, ಒಂದು ತಿಂಗಳಿಗೆ ಇಬ್ಬರಿಂದ ಬಾಡಿಗೆ ತೆಗೆದುಕೊಂಡದ್ದನ್ನು ಅವರಿಗೂ ಹೇಳೋಣ. ಅಷ್ಟು ಹೊತ್ತಿಗೆ ಗುಮಾಸ್ತನಿಗೆ ತಲೆ ಕೆಟ್ಟಿತ್ತು. ತಿಂಗಳ ನಡುವೆ ಬಂದರೂ ಪೂರಾ ತೆಗೆದುಕೊಂಡಿರಿ, ಕೋಣೆಯಾದರೂ ಖಾಲಿ ಇರಬೇಡವೇ ಎಂದು ಅವಳನ್ನೇ ಹಿಡಿದುಕೊಂಡ. ಅವನ ತಾಯಿ ಗಾಡಿಯಿಂದ ಇಳಿಯಲೇ ಇಲ್ಲ. ಬಿಸಿಲಿನಲ್ಲಿ ಕೂತೇ ಒಡತಿಯ ವಂಶವನ್ನು ನೆನೆದಳು. ಕೇಳಲು ಚೆನ್ನಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಒಡತಿ ಬಗ್ಗಿದಳು. ಸುಣ್ಣದ ರೂಪಾಯಿ ಬಿಟ್ಟಳು, ಮುಂಗಡ ನಾಲ್ಕೂ ಕೊಡುತ್ತೇನೆ ಎಂದಳು. ಈ ತಿಂಗಳ ಉಳಿದ ಅರ್ಧದ ಬಾಡಿಗೆ ಒಂದು ರೂಪಾಯಿ, ಖರ್ಚು ಎರಡಾಣೆ ಎಂದೆ. ಹಲ್ಲು ಕಡಿದು ಅದಕ್ಕೂ ಒಪ್ಪಿದಳು. ಐದು ರೂಪಾಯಿ ಎರಡಾಣೆ ತಂದು ನನ್ನ ಚಾಪೆಯ ಮೇಲೆ ಇಟ್ಟಳು. ಪಿರಿಯಾಪಟ್ಟಣದ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಬೂಬಮ್ಮ ಹಿಂದಿನಿಂದ ಬಂದು, ತಗೊಂಡು ಹೊರಡು, ಅಲ್ಲಿಯ ಕೋಣೆ ಕೈತಪ್ಪೀತು ಎಂದು ಕಿವಿಯಲ್ಲಿ ಹೇಳಿದಳು.

ನಾನು ದುಡ್ಡು ಮುಟ್ಟಲಿಲ್ಲ.

"ನಾನು ಬಂದ ತಿಂಗಳದೂ ಕೊಡಿ. ಅದೂ ಒಂದು ರೂಪಾಯಿ ಎರಡಾಣೆ."

"ಯಾವ್ದೇ ಅದು?"

"ಹದಿನಾರಕ್ಕೆ ಬಂದಿದ್ದೆ. ದರ್ಜಿ ಕೊಟ್ಟಿದ್ದ ತಿಂಗಳಿಗೆ ನನ್ನ ಹತ್ರಾನೂ ಈಸ್ಕೊಂಡ್ರಿ. ಅರ್ಧ ಕೋಣೆ ಕೊಟ್ಟಿವ್ನಾ ಅಂದ್ರಿ."

ಅವಳಿಗೆ ನೆನಪೇ ಇರಲಿಲ್ಲ. ಎರಡು ವರ್ಷದ ಮಾತನ್ನು ಈಗ ತೆಗೆಯುತ್ತೀಯಾ ಎಂದಳು. ತೆಗೆಯುತ್ತೇನೆ ಎಂದೆ. ಸತ್ತರೂ ಕೊಡುವುದಿಲ್ಲ ಎಂದು ಚಾಪೆಯ ಮೇಲಿನ ದುಡ್ಡನ್ನೂ ಬಾಚಿಕೊಂಡಳು. ಬಾಚಿಕೊಳ್ಳಲಿ ಎಂದು ಬಿಟ್ಟೆ. ಗುಮಾಸ್ತ ತನ್ನ ಆರು ರೂಪಾಯಿ ನಾಲ್ಕಾಣೆ ಎಣಿಸಿ ವಾಪಸು ತೆಗೆದುಕೊಂಡು, ಗಾಡಿ ತಿರುಗಿಸಿ ಬೇರೆ ಬೀದಿಗೆ ಹೋದ. ಸಾಯಂಕಾಲ ಬಸ್ಸಿನ ಸದ್ದು ಕೇಳಿಸಿತು. ಪಿರಿಯಾಪಟ್ಟಣದ ಕೋಣೆ ಆ ಇನ್ನೊಬ್ಬಳ ಪಾಲಾಯಿತು. ಅವಳು ಅಲ್ಲೇ ನೆಲೆ ನಿಂತು ಹಸು ಕಟ್ಟಿದಳಂತೆ. ಕಟ್ಟಲಿ.

ನಾನು ಆ ತಿಂಗಳ ಕೊನೆಯ ದಿನದವರೆಗೂ ಇದ್ದೆ. ಮಾರನೆಯ ದಿನ ಬೆಳಿಗ್ಗೆ ಒಡತಿ ತಾನಾಗಿಯೇ ನನ್ನ ಬಾಗಿಲಿಗೆ ಬಂದಳು. ಹೋಗುವುದಿಲ್ಲವಾದರೆ ಬಾಡಿಗೆ ಕೊಡು ಎಂದಳು.

"ನನ್ನ ನಾಲ್ಕು ರೂಪಾಯಿ ನಿಮ್ಮತ್ರ ಅದೆಯಲ್ಲ ಅಮ್ಮಾರೆ. ಅದ್ರಾಗೆ ಮುರ್ಕೊಳ್ಳಿ."

ಎರಡು ತಿಂಗಳ ಮುಂಗಡ, ಎರಡು ತಿಂಗಳ ವಾಸ. ಇದರಲ್ಲಿ ತಪ್ಪು ಹುಡುಕಲು ಅವಳಿಗೆ ಆಗಲಿಲ್ಲ. ಮುಂಗಡದ ದುಡ್ಡನ್ನು ಯಾವ ಒಡತಿಯೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂತಿರುವುದಿಲ್ಲ, ಹೊಸಬರು ಕೊಟ್ಟದ್ದರಲ್ಲಿ ಹಳಬರಿಗೆ ಕೊಟ್ಟು ಕಳಿಸುತ್ತಾರೆ. ಗುಮಾಸ್ತ ವಾಪಸು ತೆಗೆದುಕೊಂಡು ಹೋದ ಮೇಲೆ ಅವಳ ಕೈ ಬರಿದಾಗಿತ್ತು ಎಂದು ನನಗೆ ಗೊತ್ತಿತ್ತು. ವಠಾರದ ಖರ್ಚು ಮಾತ್ರ ನಾನು ತಪ್ಪಿಸಲಿಲ್ಲ. ಮುಂಗಡ ಬಾಡಿಗೆಗೆ ಇರುವುದು, ಹಗ್ಗಕ್ಕೂ ಎಣ್ಣೆಗೂ ಅಲ್ಲ. ಆ ನಾಲ್ಕಾಣೆಯನ್ನು ಒಂದನೇ ತಾರೀಕು ಎಲ್ಲರ ಎದುರಿಗೆ ಅವಳ ಕೈಗೆ ಹಾಕುತ್ತಿದ್ದೆ, ಬಾವಿಯಿಂದ ನೀರನ್ನು ಎಲ್ಲರಿಗಿಂತ ಮೊದಲು ಸೇದುತ್ತಿದ್ದೆ. ಎರಡು ತಿಂಗಳು ಅವಳು ನನ್ನನ್ನು ನೋಡಿದಾಗಲೆಲ್ಲ ಮುಖ ತಿರುಗಿಸಿದಳು. ನಾನು ಬೇಕೆಂದೇ ಅವಳ ಜಗುಲಿಯ ಎದುರಿಗೆ ಎಲೆ ಒಣಗಿಸಿದೆ.

ಎರಡನೇ ತಿಂಗಳ ಕೊನೆಯ ದಿನ ಕೋಣೆ ಗುಡಿಸಿ, ಕೀ ಅವಳ ಕೈಗೆ ಕೊಟ್ಟು, ನನ್ನಿಂದ ಏನಾದರೂ ಬರಬೇಕೇ ಎಂದು ಕೇಳಿದೆ. ಇಲ್ಲ ಎಂದಳು. ನನಗೆ ಬರಬೇಕು ಎಂದೆ. ಬಾಗಿಲು ಹಾಕಿಕೊಂಡಳು.

ಕೆ.ಆರ್. ನಗರದ ಕಡೆ ಒಂದು ಕೊಟ್ಟಿಗೆ ಹಿಡಿದು ಎಲೆ ಹಚ್ಚತೊಡಗಿದೆ. ಕೆಲವು ತಿಂಗಳ ಮೇಲೆ ಬೂಬಮ್ಮನ ಗಂಡ ಕಲಾಯಿಗೆಂದು ಆ ಕಡೆ ಬಂದಾಗ ವಠಾರದ ಸುದ್ದಿ ಹೇಳಿದರು. ನನ್ನ ಕೋಣೆಗೆ ತಿಂಗಳ ನಡುವೆ ಯಾರೋ ಬಂದರಂತೆ. ಒಡತಿ ತಾನಾಗಿಯೇ ಉಳಿದ ದಿನ ಎಣಿಸಿ, ಅಷ್ಟಕ್ಕೇ ಬಾಡಿಗೆ, ಅಷ್ಟಕ್ಕೇ ಖರ್ಚು ತೆಗೆದುಕೊಂಡಳಂತೆ. ನಿಮ್ಮಿಂದ ಎಲ್ಲರಿಗೂ ಒಳ್ಳೆಯದಾಯಿತು ಎಂದು ಸಾಹೇಬರು ನಕ್ಕರು.

ನನಗೆ ಹೊಟ್ಟೆ ಉರಿಯಿತು. ನಾನು ಹೊಸ್ತಿಲಲ್ಲಿ ಕೂತದ್ದು ಊರಿಗೆ ಉಪಕಾರ ಮಾಡಲು ಅಲ್ಲ. ಯಾರೋ ಗೊತ್ತಿಲ್ಲದವರಿಗೆ ಅವಳು ಬಿಟ್ಟ ದುಡ್ಡು ನನ್ನದು. ಇವತ್ತಿಗೂ ನನ್ನದೇ.