ಯೆನ್ ಸಾಲಕ್ಕೆ ತಂಗಿ ಹಾಕಿದ ಗಡಿ

ಅಣ್ಣಿಗೇರಿಯ ಹೊರಗೆ ಹತ್ತಿಯಿಂದ ಬೀಜ ಬೇರೆ ಮಾಡುವ ನಮ್ಮ ಜಿನ್ನಿಂಗ್ ಮಿಲ್ ಇದೆ. ಖರೀದಿ ಅಣ್ಣನದು, ಯಂತ್ರಗಳು ನನ್ನವು, ಬ್ಯಾಂಕಿನ ವ್ಯವಹಾರ ತಂಗಿಯದು. ಹತ್ತಿ ತೂಗಿದ ದಿನವೇ ರೈತನಿಗೆ ಹಣ ಕೊಡುವ ಮಿಲ್ ಎಂಬ ಹೆಸರು ನಮಗಿದೆ.

ಒಂದು ವರ್ಷ ಬ್ಯಾಂಕಿನವರು, ರೂಪಾಯಿ ಸಾಲದ ಬದಲು ಜಪಾನಿನ ಯೆನ್ ಸಾಲ ಕೊಡುವುದಾಗಿ ಹೇಳಿದರು. ಬಡ್ಡಿ ತೀರ ಕಡಿಮೆ. ಯೆನ್ ತಂದು, ರೂಪಾಯಿ ಮಾಡಿಸಿ, ದುಬಾರಿ ಬಡ್ಡಿಯ ಹಳೆಯ ಸಾಲ ತೀರಿಸಿದರೆ ನಡುವಿನ ಬಡ್ಡಿ ನಮಗೇ ಉಳಿಯುತ್ತದೆ ಎಂದು ಅಣ್ಣ ಖುಷಿಯಾದ.

"ದೊಡ್ಡ ಫಂಡಿನವರು ಮಾಡೂದೂ ಇದನ್ನ," ಎಂದಳು ತಂಗಿ. "ಕಡಿಮೆ ಬಡ್ಡಿ ಇದ್ದಲ್ಲಿ ಸಾಲ ತಂದು ಹೆಚ್ಚು ಬಡ್ಡಿ ಇದ್ದಲ್ಲಿ ಇಡೂದು. ಕ್ಯಾರಿ ಟ್ರೇಡ್ ಅಂತಾರ. ಅಣ್ಣಾ, ಜ್ವಾಳ ಸಾಲ ತಂದು ಮಾರಿ, ಆ ರೊಕ್ಕ ದುಡಿಸಿದಂಗ ಇದು. ತೀರಿಸೂದು ಮಾತ್ರ ಜ್ವಾಳದಾಗನ. ಸಾಲ ತಂದಾವ್ರೆಲ್ಲಾ ಒಂದ ವಾರದಾಗ ಜ್ವಾಳ ಕೊಳ್ಳಾಕ ಸಂತಿಗೆ ಓಡಿದ್ರ ರೇಟ್ ಎಲ್ಲಿಗೆ ಹೋದೀತು?"

"ಜಪಾನದಾಗ ಯಾವಾಂವ ಜ್ವಾಳ ತಿಂತಾನಬೇ!" ಎಂದ ಅಣ್ಣ.

ಸಾಲ ತೀರಿಸುವಾಗಿನ ಯೆನ್ ದರವನ್ನು ಈಗಲೇ ಕಟ್ಟಿಹಾಕುವ ಕರಾರನ್ನೂ ಬ್ಯಾಂಕಿನಲ್ಲಿ ವಿಚಾರಿಸಿದೆವು. ಅದರ ಖರ್ಚಿನಲ್ಲಿ ಉಳಿಯಬೇಕಿದ್ದ ಬಡ್ಡಿಯೆಲ್ಲ ಹೋಗುತ್ತಿತ್ತು. ಅಣ್ಣ ಬೇಡವೆಂದ. ತಂಗಿ ಒಂದೇ ಷರತ್ತು ಹಾಕಿದಳು: ಯೆನ್ ತುಟ್ಟಿಯಾಗಿ ತಾನು ಹೇಳಿದ ದರ ಮುಟ್ಟಿದರೆ, ಯಾರನ್ನೂ ಕೇಳದೆ ಆ ಕರಾರು ಮಾಡಿಬಿಡುವುದು. ಅಣ್ಣ ನಗುತ್ತ ಒಪ್ಪಿದ. ಯೆನ್ ಸಾಲ ತಂದೆವು.

ಕೆಲವು ತಿಂಗಳು ಯೆನ್ ಇನ್ನೂ ಅಗ್ಗವಾಯಿತು. "ನಿನ್ನ ಜ್ವಾಳ ಇಳ್ಯಾಕ ಹತ್ತೇತಿ ನೋಡು," ಎಂದು ಅಣ್ಣ ಕೆಣಕುತ್ತಿದ್ದ.

ಆಮೇಲೆ ಜಪಾನಿನ ಕೇಂದ್ರ ಬ್ಯಾಂಕು ಬಡ್ಡಿ ಏರಿಸಿತು. ಏರಿಸಿದ್ದು ಚೂರೇ. ಆದರೆ ಯೆನ್ ಸಾಲ ಮಾಡಿದವರು ತೀರಿಸಲೆಂದು ಯೆನ್ ಕೊಳ್ಳತೊಡಗಿದರು. ಕೊಂಡಷ್ಟೂ ಅದು ತುಟ್ಟಿಯಾಯಿತು, ತುಟ್ಟಿಯಾದಷ್ಟೂ ಉಳಿದವರು ಹೆದರಿ ತಾವೂ ಕೊಂಡರು. ತಿಂಗಳುಗಟ್ಟಲೆ ಉಳಿಸಿದ ಬಡ್ಡಿ ಕೆಲವೇ ದಿನಗಳಲ್ಲಿ ಹೋಗಿ, ನಮ್ಮ ಸಾಲದ ಅಸಲೇ ರೂಪಾಯಿಯ ಲೆಕ್ಕದಲ್ಲಿ ಬೆಳೆಯತೊಡಗಿತು. ಹೀಗೇ ನಡೆದರೆ ಬರುವ ಹಂಗಾಮಿನ ಖರೀದಿಗೆ ಹಣವಿರುವುದಿಲ್ಲ ಎಂಬುದು ಮೂವರಿಗೂ ತಿಳಿದಿತ್ತು.

"ಎರಡ ದಿನ ತಡೀಬೇ, ಇಳೀತೈತಿ," ಎಂದ ಅಣ್ಣ.

"ಗಡಿ ದಾಟೇತಿ ಅಣ್ಣಾ."

ಅವಳು ಬ್ಯಾಂಕಿಗೆ ಫೋನ್ ಮಾಡಿದಳು. ಸಾಲದ ಮೊತ್ತವನ್ನು ಎರಡು ಸಲ ನಿಧಾನವಾಗಿ ಹೇಳಿ, ಆ ದಿನದ ದರಕ್ಕೆ ಕರಾರು ಮಾಡಿಸಿದಳು. ಉಳಿಸಿದ ಬಡ್ಡಿಯ ಜೊತೆ ಆ ವರ್ಷದ ಲಾಭದಲ್ಲಿ ಒಂದು ಪಾಲೂ ಹೋಯಿತು. ಆ ವಾರ ಯೆನ್ ಮತ್ತೂ ಏರಿತು. ಕೆಲ ದಿನಗಳ ಮೇಲೆ ಸಾಕಷ್ಟು ಇಳಿಯಿತು ಕೂಡ.

"ತಡದಿದ್ರ ಇಷ್ಟು ಹೋಗತಿರಲಿಲ್ಲ," ಎಂದ ಅಣ್ಣ.

"ಇಳೀದ ಹೋಗಿದ್ರ? ರೈತರಿಗೆ ಏನ್ ಕೊಡತಿದ್ದಿ, ನಿನ್ನ ಮೀಸಿ?"

ಅಣ್ಣ ಮೀಸೆಯ ಮೇಲೆ ಕೈಯಾಡಿಸಿಕೊಂಡ. ಯೆನ್ ಇಳಿಯುತ್ತದೆಂದು ಅವಳಿಗೂ ಗೊತ್ತಿರಲಿಲ್ಲ, ಏರುತ್ತದೆಂದೂ ಗೊತ್ತಿರಲಿಲ್ಲ. ಧೈರ್ಯವಿದ್ದಾಗ ಹಾಕಿಕೊಂಡ ಗಡಿಯನ್ನು ಹೆದರಿಕೆಯಲ್ಲೂ ಬಿಡಲಿಲ್ಲ, ಅಷ್ಟೇ. ಅದನ್ನು ನೆನೆದರೆ ನನಗೆ ಇಂದಿಗೂ ಹೆಮ್ಮೆ.

ಹಂಗಾಮು ಶುರುವಾದಾಗ ಬ್ಯಾಂಕಿನವರು ಮತ್ತೆ ಯೆನ್ ಮಾತು ತೆಗೆದರು. "ನಮ್ಮ ತಂಗೀನ ಕೇಳ್ರಿ," ಎಂದು ಅಣ್ಣ ತೂಕದ ಕಾಟಾದ ಕಡೆ ಹೊರಟ. ಅಲ್ಲಿ ಹತ್ತಿಯ ಮೊದಲ ಟ್ರ್ಯಾಕ್ಟರ್ ತೂಕವಾಗುತ್ತಿತ್ತು. ಆ ರೈತ ಹಣ ಎಣಿಸಿಕೊಂಡೇ ಊರಿಗೆ ಹೋದ.